ಹೋಮ್‌ವರ್ಕ್ ಮೇಲೆ ‘ಎಐ ಬರೆದದ್ದು’ ಎಂಬ ಷರಾ: ಪ್ರಾಂಶುಪಾಲರಿಗೆ ಪತ್ರದಲ್ಲಿ ಏನು ಬರೆಯಬೇಕು, ಏನು ಬಿಡಬೇಕು

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಮಣ್ಣಿನ ಸವಕಳಿ ಬಗ್ಗೆ ಇಂಗ್ಲಿಷಿನಲ್ಲಿ 450 ಪದಗಳ ಪ್ರಬಂಧ ಕೊಟ್ಟಿದ್ದರು. ಮೊದಲು ರಫ್ ಪುಸ್ತಕದಲ್ಲಿ ಬರೆದು, ಆಮೇಲೆ ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿ ಕಳಿಸಿದಳು. ಟೀಚರ್ ಅದನ್ನು ಎಐ ಪತ್ತೆ ಮಾಡುವ ಯಾವುದೋ ಸಾಧನಕ್ಕೆ ಹಾಕಿದಾಗ 78% ಎಂದು ಬಂತಂತೆ. ಸೊನ್ನೆ ಕೊಟ್ಟಿದ್ದಾರೆ. ಕೊನೆಯಲ್ಲಿ ವ್ಯಾಕರಣ ತಿದ್ದುವ ಒಂದು ಆ್ಯಪ್ ಬಳಸಿದ್ದಳು, ಬೇರೇನೂ ಇಲ್ಲ ಅನ್ನುತ್ತಾಳೆ. ಟೀಚರ್ ಹತ್ತಿರ ಮಾತಾಡಿದರೆ ‘ರಿಪೋರ್ಟ್‌ನಲ್ಲೇ ಇದೆಯಲ್ಲ’ ಅಂದರು. ನಾನೇ ಮೂರು ವೆಬ್‌ಸೈಟ್‌ಗೆ ಹಾಕಿ ನೋಡಿದೆ. ಒಂದು 12% ಅಂದಿತು, ಒಂದು 64%, ಇನ್ನೊಂದು ಮನುಷ್ಯರೇ ಬರೆದದ್ದು ಅಂದಿತು. ಪ್ರಿನ್ಸಿಪಾಲರಿಗೆ ಪತ್ರ ಬರೆಯೋಣ ಅಂತಿದ್ದೇನೆ. ಹೇಗೆ ಬರೆದರೆ ಕೇಳಿಸಿಕೊಳ್ಳುತ್ತಾರೆ? ಜಗಳ ಆಗಬಾರದು, ಇನ್ನೂ ಎರಡು ವರ್ಷ ಮಗಳು ಅಲ್ಲೇ ಓದಬೇಕು.

ಉತ್ತರ: ಮೊದಲು ಒಂದು ಮಾತು. ಆ ಮೂರು ವೆಬ್‌ಸೈಟ್‌ಗಳ ಅಂಕಿಗಳನ್ನು ಪತ್ರಕ್ಕೆ ಲಗತ್ತಿಸಬೇಡಿ. ‘ಟೀಚರ್ ನೋಡಿದ ಅಂಕಿಯನ್ನು ನಂಬಬೇಡಿ, ನಾನು ನೋಡಿದ ಅಂಕಿಯನ್ನು ನಂಬಿ’ ಎಂದಂತಾಗುತ್ತದೆ. ಅವುಗಳಲ್ಲಿ ಒಂದು 64% ಎಂದಿದೆ ಎನ್ನುವುದನ್ನು ಅವರು ಬಿಡುವುದೂ ಇಲ್ಲ. ಒಂದೇ ಪ್ರಬಂಧಕ್ಕೆ ನಾಲ್ಕು ಕಡೆ ನಾಲ್ಕು ಉತ್ತರ ಬಂತೆಂಬುದು ಭೇಟಿಯಲ್ಲಿ ಬಾಯಿಮಾತಿನಲ್ಲಿ ಹೇಳಬಹುದಾದ ಸಂಗತಿ, ಅಷ್ಟೇ. ಇನ್ನಷ್ಟು ವೆಬ್‌ಸೈಟ್‌ಗಳಿಗೆ ಹಾಕುವುದನ್ನೂ ನಿಲ್ಲಿಸಿ. ಮಗುವಿನ ಬರಹವನ್ನು ಅವು ಎಲ್ಲಿ ಉಳಿಸಿಕೊಳ್ಳುತ್ತವೆ ಎಂದು ನಮಗೆ ಕಾಣುವುದಿಲ್ಲ.

ಈ ಸಾಧನಗಳು ಯಾರು ಬರೆದರು ಎಂದು ಕಂಡುಹಿಡಿಯುತ್ತವೆ ಎಂಬುದೇ ಇಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ. ನಕಲು ಹಿಡಿಯುವ ಸಾಧನದ ಕಥೆ ಬೇರೆ. ಅದು ‘ಈ ಸಾಲು ಇಂಥ ಪುಸ್ತಕದಲ್ಲಿದೆ’ ಎಂದು ಮೂಲವನ್ನೇ ತೋರಿಸುತ್ತದೆ, ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಎಐ ಪತ್ತೆ ಸಾಧನಕ್ಕೆ ತೋರಿಸಲು ಮೂಲವೇ ಇರುವುದಿಲ್ಲ. ಬರಹದ ಮಾದರಿಯನ್ನು ನೋಡಿ ಅದು ಊಹಿಸುತ್ತದೆ. ಮುಖ್ಯವಾಗಿ ನೋಡುವುದು ಒಂದು ಪದ ಓದಿದ ಮೇಲೆ ಮುಂದಿನ ಪದವನ್ನು ಊಹಿಸುವುದು ಎಷ್ಟು ಸುಲಭ ಎಂಬುದನ್ನು. ಹಲವು ಸಾಧನಗಳು ವಾಕ್ಯಗಳ ಏರಿಳಿತವನ್ನೂ ಗಮನಿಸುತ್ತವೆ, ಎಲ್ಲ ಒಂದೇ ಅಳತೆಯಲ್ಲಿವೆಯೋ ಉದ್ದ ಗಿಡ್ಡ ಬೆರೆತಿವೆಯೋ ಎಂದು. ಊಹಿಸಲು ಸುಲಭವಾಗಿ, ಸಮನಾಗಿ ಸಾಗುವ ಬರಹವನ್ನು ಯಂತ್ರದ್ದು ಎನ್ನುತ್ತವೆ.

ಈಗ ನಿಮ್ಮ ಮಗಳ ಪ್ರಬಂಧವನ್ನು ನೆನೆಸಿಕೊಳ್ಳಿ. ‘ಗಾಳಿ ಮತ್ತು’ ಎಂದ ಕೂಡಲೇ ಮುಂದೆ ‘ನೀರು’ ಬರಲೇಬೇಕು. ‘ಮೇಲ್ಮಣ್ಣು’ ಬಂದರೆ ಹಿಂದೆಯೇ ‘ಕೊಚ್ಚಿಹೋಗುತ್ತದೆ’ ಬರುತ್ತದೆ. ಕಾರಣಗಳು, ಪರಿಣಾಮಗಳು, ತಡೆಯುವ ಕ್ರಮಗಳು ಎಂಬ ಮೂರು ಪ್ಯಾರಾದ ಚೌಕಟ್ಟನ್ನು ಶಾಲೆಯೇ ಕಲಿಸಿರುತ್ತದೆ. ಪಠ್ಯಪುಸ್ತಕದ ವಿಷಯವನ್ನು, ಕಲಿಸಿದ ಚೌಕಟ್ಟಿನಲ್ಲಿ, ಎರಡನೇ ಭಾಷೆಯಲ್ಲಿ, ಗೊತ್ತಿರುವ ಪದಗಳನ್ನಷ್ಟೇ ಬಳಸಿ ಎಚ್ಚರಿಕೆಯಿಂದ ಬರೆದ ಹುಡುಗಿಯ ಪ್ರಬಂಧ ಊಹೆಗೆ ಸಿಗದೆ ಇರುವುದು ಹೇಗೆ?

ಎರಡನೇ ಭಾಷೆಯ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟಾಗ, ಆ ಸಾಧನಗಳು ಸರಾಸರಿ 60%ಕ್ಕೂ ಹೆಚ್ಚು ಪ್ರಬಂಧಗಳನ್ನು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದವು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಮಾತ್ರ ಬಹುಪಾಲು ಸರಿಯಾಗಿಯೇ ಗುರುತಿಸಿದ್ದವು. ಆ ಸಾಧನಗಳು ಈಗ ಸುಧಾರಿಸಿರಬಹುದು, ಹಾಗಾಗಿ ಈ ಅಂಕಿಯನ್ನು ಇಂದಿನ ನಿಮ್ಮ ಶಾಲೆಯ ಸಾಧನಕ್ಕೆ ನೇರವಾಗಿ ಅಂಟಿಸಬೇಡಿ. ಆದರೆ ತಪ್ಪು ಯಾವ ದಿಕ್ಕಿಗೆ ವಾಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

‘ಅಪರೂಪಕ್ಕೆ ತಪ್ಪಾಗಬಹುದು, ಆದರೂ ಹೆಚ್ಚಿನ ಸಲ ಸರಿಯೇ ತಾನೆ’ ಎಂಬ ಮಾತು ಪ್ರಾಂಶುಪಾಲರಿಂದ ಬಂದೇ ಬರುತ್ತದೆ. ಅದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್ಎಐ ಕಂಪನಿ 2023ರ ಜನವರಿಯಲ್ಲಿ ತನ್ನದೇ ಪತ್ತೆ ಸಾಧನವನ್ನು ಬಿಟ್ಟಿತ್ತು. ತನ್ನ ಪರೀಕ್ಷೆಯಲ್ಲಿ ಅದು ಯಂತ್ರದ ಬರಹದಲ್ಲಿ 26% ಮಾತ್ರ ಹಿಡಿಯಿತು, ಮನುಷ್ಯರ ಬರಹದಲ್ಲಿ 9%ನ್ನು ತಪ್ಪಾಗಿ ಯಂತ್ರದ್ದೆಂದಿತು ಎಂದು ಕಂಪನಿಯೇ ಹೇಳಿಕೊಂಡಿತು. ಒಂದು ಶಾಲೆಗೆ 1,000 ಪ್ರಬಂಧ ಬಂತು, ಅದರಲ್ಲಿ 50 ನಿಜವಾಗಿಯೂ ಯಂತ್ರದ್ದು ಎಂದುಕೊಳ್ಳೋಣ. ಆ 50ರಲ್ಲಿ ಸಿಕ್ಕಿಬೀಳುವುದು 13. ಉಳಿದ 950 ಮಕ್ಕಳ ಸ್ವಂತ ಬರಹದಲ್ಲಿ 9% ಎಂದರೆ ಸುಮಾರು 86. ಅಂದರೆ ಕೆಂಪು ಗುರುತು ಬಿದ್ದ 99 ಪ್ರಬಂಧಗಳಲ್ಲಿ 86 ನಿರಪರಾಧಿಗಳದ್ದು. ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಇದಕ್ಕಿಂತ ಎಷ್ಟೋ ಒಳ್ಳೆಯ ಸಾಧನವಿದ್ದು ತಪ್ಪು ಬರೀ 1% ಎಂದರೂ, ಅದೇ 950ರಲ್ಲಿ ಒಂಬತ್ತು ಹತ್ತು ಮಕ್ಕಳು ಸುಮ್ಮನೆ ಸಿಕ್ಕಿಕೊಳ್ಳುತ್ತಾರೆ. ಅವರಲ್ಲಿ ನಿಮ್ಮ ಮಗಳು ಇದ್ದಾಳೋ ಇಲ್ಲವೋ ಎಂಬುದನ್ನು ಆ ಅಂಕಿಯಿಂದಲೇ ತೀರ್ಮಾನಿಸಲು ಆಗುವುದಿಲ್ಲ. ಪತ್ರದ ಬೇಡಿಕೆ ನಿಂತಿರುವುದು ಇದರ ಮೇಲೆ.

78% ಎಂದರೇನು ಎಂಬುದನ್ನೂ ಕೇಳಬೇಕು. ಕೆಲವು ಸಾಧನಗಳಲ್ಲಿ ಅದು ಸಾಧ್ಯತೆ. ಶಾಲಾ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಟರ್ನಿಟಿನ್‌ನಂಥವುಗಳಲ್ಲಿ ಅದು ಬರಹದ ಎಷ್ಟು ಪಾಲು ಯಂತ್ರದ್ದಿರಬಹುದು ಎಂಬ ಅಂದಾಜು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಅಂದಹಾಗೆ, ತನ್ನ ಅಂಕಿಯೊಂದನ್ನೇ ಆಧಾರ ಮಾಡಿಕೊಂಡು ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳಬಾರದೆಂದು ಟರ್ನಿಟಿನ್ ಕಂಪನಿಯೇ ಹೇಳುತ್ತದೆ. ಕೆಲವು ಕಡೆ ಟೀಚರ್‌ಗಳು ಪ್ರಬಂಧವನ್ನು ಚಾಟ್‌ಬಾಟ್‌ಗೆ ಹಾಕಿ ‘ಇದನ್ನು ನೀನು ಬರೆದೆಯಾ’ ಎಂದು ಕೇಳುವುದೂ ಉಂಟು. ಅದು ಪುರಾವೆಯೇ ಅಲ್ಲ. ಯಾರಿಗೆ ಏನು ಬರೆದುಕೊಟ್ಟೆ ಎಂಬ ದಾಖಲೆಯನ್ನು ನೋಡಿ ಚಾಟ್‌ಬಾಟ್ ಉತ್ತರ ಕೊಡುವುದಿಲ್ಲ. ಕೇಳಿದ ಧಾಟಿಗೆ ತಕ್ಕಂತೆ ಹೂಂ ಅನ್ನುತ್ತದೆ.

ಇನ್ನು ಪತ್ರಕ್ಕೆ ಮೊದಲಿನ ಕೆಲಸ. ಅದು ನಿಮ್ಮ ಮನೆಯಲ್ಲೇ ಆಗಬೇಕಾದದ್ದು. ಆ ವ್ಯಾಕರಣ ಆ್ಯಪ್‌ನಲ್ಲಿ ಮಗಳು ಏನು ಮಾಡಿದಳು ಎಂದು ಬೈಯದೆ, ಜೊತೆಗೆ ಕೂತು ಕೇಳಿ. ಕಾಗುಣಿತ ಮತ್ತು ಅಲ್ಪವಿರಾಮ ಸರಿಪಡಿಸುವುದು ಒಂದು. ‘ಈ ವಾಕ್ಯವನ್ನು ಚೆನ್ನಾಗಿ ಬರೆದುಕೊಡು’ ಎಂಬ ಬಟನ್ ಒತ್ತುವುದು ಇನ್ನೊಂದು. ಎರಡನೆಯದರಲ್ಲಿ ವಾಕ್ಯ ಕಟ್ಟುವುದು ಎಐಯೇ. ಹಾಗೆ ಏಳೆಂಟು ವಾಕ್ಯ ಬದಲಾಗಿದ್ದರೆ, ಸಾಧನ ಆ ವಾಕ್ಯಗಳ ಮಟ್ಟಿಗೆ ತಪ್ಪು ಹೇಳಿಲ್ಲ. ಕನ್ನಡದಲ್ಲಿ ಬರೆದು ಅನುವಾದ ಆ್ಯಪ್‌ಗೆ ಹಾಕಿದ್ದರೂ ಅಷ್ಟೇ, ವಿಚಾರ ಮಗುವಿನದು, ಇಂಗ್ಲಿಷ್ ಯಂತ್ರದ್ದು. ರಫ್ ಪುಸ್ತಕವನ್ನೂ ಕಳಿಸಿದ ಪ್ರಬಂಧವನ್ನೂ ಪಕ್ಕದಲ್ಲಿಟ್ಟು, ಬದಲಾದ ವಾಕ್ಯಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎಷ್ಟೇ ಇರಲಿ, ಆ ಸಂಖ್ಯೆಯನ್ನು ಪತ್ರದಲ್ಲಿ ನೀವೇ ಬರೆಯಿರಿ. ನೀವು ಮುಚ್ಚಿಟ್ಟದ್ದು ಭೇಟಿಯಲ್ಲಿ ಮಗಳ ಬಾಯಿಂದ ಹೊರಬಂದರೆ ಉಳಿದ ಎಲ್ಲ ಪುರಾವೆಯೂ ಬಿದ್ದುಹೋಗುತ್ತದೆ.

ಪುರಾವೆಯ ವಿಷಯದಲ್ಲಿ ಹೆಚ್ಚಿನವರು ಗೂಗಲ್ ಡಾಕ್ಸ್‌ನ ಇತಿಹಾಸವನ್ನೇ ನೆಚ್ಚಿಕೊಳ್ಳುತ್ತಾರೆ. ಕಂಪ್ಯೂಟರ್‌ನಲ್ಲಿ ಫೈಲ್ ತೆರೆದು File → Version history → See version history ಒತ್ತಿದರೆ, ಯಾವ ದಿನ ಯಾವ ಹೊತ್ತಿಗೆ ಏನು ಸೇರಿತು ಎಂಬುದು ಬಲಗಡೆ ಕಾಣುತ್ತದೆ. ನಿಮ್ಮ ಸಂದರ್ಭದಲ್ಲಿ ಮಾತ್ರ ಇದು ಎರಡಲಗಿನ ಕತ್ತಿ. ಮಗಳು ರಫ್ ಪುಸ್ತಕ ನೋಡಿಕೊಂಡು ಟೈಪ್ ಮಾಡಿದ್ದರಿಂದ, ಇತಿಹಾಸದಲ್ಲಿ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡೆಯಿಲ್ಲದೆ ಸಾಗಿದ ಅರ್ಧ ಮುಕ್ಕಾಲು ಗಂಟೆಯ ಕೆಲಸ ಕಾಣುತ್ತದೆ. ಇನ್ನೊಂದು ಪರದೆ ನೋಡಿ ನಕಲು ಮಾಡಿದವರದ್ದೂ ಹಾಗೆಯೇ ಕಾಣುತ್ತದೆ. ಹಾಗಾಗಿ ನಿಮ್ಮ ಮುಖ್ಯ ಪುರಾವೆ ರಫ್ ಪುಸ್ತಕ, ಡಾಕ್ಸ್ ಇತಿಹಾಸ ಅದಕ್ಕೆ ಜೋಡಿ. ‘ಪುಸ್ತಕ ನೋಡಿ ಟೈಪ್ ಮಾಡಿದ್ದು, ಆದ್ದರಿಂದ ಇತಿಹಾಸ ಹೀಗಿದೆ’ ಎಂದು ನೀವೇ ಮೊದಲು ಹೇಳಿಬಿಡಿ.

ಡಾಕ್ಸ್‌ನಲ್ಲಿ ಎರಡು ಎಡವಟ್ಟು ಆಗುವುದುಂಟು. ಒಂದು, ಫೈಲಿನ ಪ್ರತಿ ಮಾಡಿ ಕಳಿಸುವುದು. ಪ್ರತಿಯಲ್ಲಿ ಹಳೆಯ ಇತಿಹಾಸ ಬರುವುದಿಲ್ಲ. ಎರಡು, ಓದಲು ಮಾತ್ರ ಅನುಮತಿ ಕೊಟ್ಟು ಲಿಂಕ್ ಕಳಿಸುವುದು. ಇತಿಹಾಸ ನೋಡಲು ತಿದ್ದುವ ಅನುಮತಿ ಬೇಕು, ಅದನ್ನು ಕೊಟ್ಟರೆ ಮೂಲವನ್ನು ಯಾರಾದರೂ ಅಕಸ್ಮಾತ್ತಾಗಿ ಕೆದಕಬಹುದು. ಸ್ಕ್ರೀನ್‌ಶಾಟ್ ತೆಗೆದು ಲಗತ್ತಿಸಿ, ಮೂಲವನ್ನು ಮಗಳ ಖಾತೆಯಿಂದಲೇ ಭೇಟಿಯಲ್ಲಿ ತೆರೆದು ತೋರಿಸಿ. ಅಲ್ಲಿಯವರೆಗೆ ಆ ಫೈಲನ್ನು ಯಾರೂ ಮುಟ್ಟಬೇಡಿ.

ರಫ್ ಪುಸ್ತಕದಲ್ಲಿ ಬೆಲೆಬಾಳುವುದು ಅಂದದ ಅಕ್ಷರವಲ್ಲ, ಕಾಟು ಹೊಡೆದ ಸಾಲುಗಳು. ಬಾಣ ಹಾಕಿ ಮೇಲಿದ್ದುದನ್ನು ಕೆಳಗೆ ತಂದದ್ದು, ಅಂಚಿನಲ್ಲಿ ಸೇರಿಸಿದ ಪದ, ತಪ್ಪು ಕಾಗುಣಿತ, ಕೊನೆಗೆ ಕೈಬಿಟ್ಟ ಪ್ಯಾರಾ. ಇವು ವಿಚಾರ ಬೆಳೆದ ಗುರುತುಗಳು. ಪ್ರಬಂಧವಿರುವ ಪುಟಗಳ ಜೊತೆಗೆ ಅದರ ಹಿಂದಿನ ಮುಂದಿನ ಪುಟಗಳ ಫೋಟೋವನ್ನೂ ತೆಗೆಯಿರಿ. ಹಿಂದಿನ ಪುಟದಲ್ಲಿ ಆ ವಾರದ ಗಣಿತ, ಮುಂದಿನ ಪುಟದಲ್ಲಿ ಮರುದಿನದ ಇನ್ನೊಂದು ಪಾಠ ಇದ್ದರೆ ಈ ಕರಡು ಆಮೇಲೆ ಸೃಷ್ಟಿಸಿದ್ದಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. ಹಾಳೆ ಹರಿಯಬೇಡಿ, ಗಲೀಜಾಗಿದೆ ಎಂದು ಮತ್ತೆ ಬರೆಸಬೇಡಿ. ಮಗಳು ತರಗತಿಯಲ್ಲೇ ಬರೆದು ಟೀಚರ್ ತಿದ್ದಿಕೊಟ್ಟ ಹಳೆಯ ಎರಡು ಬರಹಗಳಿದ್ದರೆ ಜೊತೆಗಿಡಿ. ಆದರೆ ಮನೆಯಲ್ಲಿ ಸಮಯ ತೆಗೆದುಕೊಂಡು ಬರೆದದ್ದು ಪರೀಕ್ಷೆಯ ಬರಹಕ್ಕಿಂತ ಚೊಕ್ಕಟವಾಗಿರುವುದು ಸಹಜ, ಅದನ್ನು ಮರೆಯದೆ ಹೇಳಿ.

ಪತ್ರ ಒಂದು ಪುಟ ಮೀರಬಾರದು. ಮೇಲೆ ಹೇಳಿದ ಸಂಶೋಧನೆ, ಲೆಕ್ಕಗಳನ್ನೆಲ್ಲ ಅದರಲ್ಲಿ ತುಂಬಬೇಡಿ, ಭೇಟಿಗೆ ಇಟ್ಟುಕೊಳ್ಳಿ. ಮಾದರಿ ಹೀಗಿರಲಿ:

> ಇವರಿಗೆ,
> ಪ್ರಾಂಶುಪಾಲರು, (ಶಾಲೆಯ ಹೆಸರು)
>
> ವಿಷಯ: 9ನೇ ತರಗತಿಯ ಇಂಗ್ಲಿಷ್ ಪ್ರಬಂಧದ ಮೌಲ್ಯಮಾಪನವನ್ನು ಮರುಪರಿಶೀಲಿಸುವಂತೆ ಕೋರಿ
>
> ಮಾನ್ಯರೇ,
>
> ನನ್ನ ಮಗಳು (ಹೆಸರು, ವಿಭಾಗ, ಕ್ರಮಸಂಖ್ಯೆ) ದಿನಾಂಕ ____ರಂದು ಸಲ್ಲಿಸಿದ ಮಣ್ಣಿನ ಸವಕಳಿ ಕುರಿತ ಪ್ರಬಂಧಕ್ಕೆ, ಎಐ ಪತ್ತೆ ಸಾಧನದಲ್ಲಿ 78% ಎಂದು ಬಂದ ಕಾರಣಕ್ಕೆ ಸೊನ್ನೆ ಅಂಕ ನೀಡಲಾಗಿದೆ. ಈ ಬಗ್ಗೆ ದಿನಾಂಕ ____ರಂದು ವಿಷಯ ಶಿಕ್ಷಕರೊಂದಿಗೆ ಮಾತನಾಡಿದ್ದೇನೆ. ಮಕ್ಕಳು ಸ್ವಂತವಾಗಿ ಬರೆಯಬೇಕೆಂಬ ಅವರ ಕಾಳಜಿ ನನ್ನದೂ ಹೌದು.
>
> ಪ್ರಬಂಧವನ್ನು ಆಕೆ ಮೊದಲು ರಫ್ ಪುಸ್ತಕದಲ್ಲಿ ಬರೆದು, ಅದನ್ನು ನೋಡಿಕೊಂಡು ಗೂಗಲ್ ಡಾಕ್ಸ್‌ನಲ್ಲಿ ಟೈಪ್ ಮಾಡಿದ್ದಾಳೆ. ಕೊನೆಯಲ್ಲಿ ವ್ಯಾಕರಣ ತಿದ್ದುವ ಆ್ಯಪ್ ಬಳಸಿದ್ದು, ಅದರಿಂದ ____ ವಾಕ್ಯಗಳು ಬದಲಾಗಿವೆ. ಲಗತ್ತಿಸಿರುವ ಪ್ರತಿಯಲ್ಲಿ ಅವುಗಳಿಗೆ ಗುರುತು ಹಾಕಿದ್ದೇನೆ. ಪ್ರಬಂಧ ಕೊಡುವಾಗ ಇಂಥ ಆ್ಯಪ್ ಬಳಸಬಾರದೆಂಬ ಲಿಖಿತ ಸೂಚನೆ ಇದ್ದಲ್ಲಿ ದಯವಿಟ್ಟು ತೋರಿಸಿ.
>
> ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಯಾವ ಸಾಧನ ಬಳಸಲಾಯಿತು ಎಂಬ ಮಾಹಿತಿ ಮತ್ತು ಅದರ ಪೂರ್ತಿ ವರದಿಯ ಪ್ರತಿ ನೀಡಬೇಕು. ರಫ್ ಪುಸ್ತಕ ಹಾಗೂ ಡಾಕ್ಸ್ ಇತಿಹಾಸವನ್ನು ಮೌಲ್ಯಮಾಪನ ಮಾಡಿದವರ ಜೊತೆಗೆ ಇನ್ನೊಬ್ಬ ಶಿಕ್ಷಕರೂ ಪರಿಶೀಲಿಸಬೇಕು. ಪ್ರಬಂಧದ ವಿಷಯದ ಬಗ್ಗೆ ಮಗಳೊಡನೆ ಹದಿನೈದು ನಿಮಿಷ ಮಾತನಾಡಿಸಿ ನೋಡಬೇಕು. ತೀರ್ಮಾನವಾಗುವವರೆಗೆ ಸೊನ್ನೆ ಅಂಕವನ್ನು ಅಂತಿಮವೆಂದು ದಾಖಲಿಸಬಾರದು.
>
> ಏಳು ಕೆಲಸದ ದಿನಗಳೊಳಗೆ ಭೇಟಿಗೆ ಸಮಯ ನೀಡಿದರೆ ಮೂಲ ಪುಸ್ತಕದೊಂದಿಗೆ ಬರುತ್ತೇನೆ. ಪರಿಶೀಲನೆಯ ತೀರ್ಮಾನವನ್ನು ಕಾರಣಸಹಿತ ಬರವಣಿಗೆಯಲ್ಲಿ ತಿಳಿಸಬೇಕೆಂದು ವಿನಂತಿ.
>
> ವಂದನೆಗಳೊಂದಿಗೆ,
> (ಹೆಸರು, ಸಹಿ, ದಿನಾಂಕ)
>
> ಲಗತ್ತು: ರಫ್ ಪುಸ್ತಕದ ಪುಟಗಳ ಪ್ರತಿ, ಡಾಕ್ಸ್ ಇತಿಹಾಸದ ಚಿತ್ರಗಳು, ಗುರುತು ಹಾಕಿದ ಪ್ರಬಂಧ, ಹಿಂದಿನ ಎರಡು ಬರಹಗಳು

‘ಪೂರ್ಣ ಅಂಕ ಕೊಡಿ’ ಎಂದು ಇದರಲ್ಲಿ ಎಲ್ಲೂ ಇಲ್ಲ. ಬೇಕೆಂದೇ ಬಿಟ್ಟದ್ದು. ಅಂಕ ಕೇಳಿದರೆ ಪ್ರಾಂಶುಪಾಲರು ತಮ್ಮ ಶಿಕ್ಷಕರ ಪರ ನಿಲ್ಲಲೇಬೇಕಾಗುತ್ತದೆ. ಪರಿಶೀಲನೆ ಕೇಳಿದರೆ ಯಾರ ಮುಖಕ್ಕೂ ಮಸಿ ಬಳಿಯದೆ ಹೂಂ ಅನ್ನಬಹುದು. ‘ಸುಳ್ಳು ಆರೋಪ’, ‘ಮಾನಹಾನಿ’, ‘ಕಾನೂನು ಕ್ರಮ’ ಎಂಬ ಪದಗಳು ಬಂದ ಕ್ಷಣ ಪತ್ರ ಆಡಳಿತ ಮಂಡಳಿಯ ಮೇಜಿಗೆ ಹೋಗುತ್ತದೆ, ಉತ್ತರ ತಿಂಗಳುಗಟ್ಟಲೆ ತಡವಾಗುತ್ತದೆ. ಪತ್ರವನ್ನು ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮೊಹರು ಹಾಕಿಸಿಕೊಳ್ಳಿ. ಮೂಲ ಪುಸ್ತಕವನ್ನು ಮಾತ್ರ ಕೈಬಿಡಬೇಡಿ.

ಮಗಳನ್ನು ಮಾತನಾಡಿಸಿ ನೋಡಲಿ ಎಂದು ಕೇಳುವುದರಲ್ಲಿ ಅಪಾಯವಿಲ್ಲದಿಲ್ಲ. ಸೊನ್ನೆ ಕೊಟ್ಟವರ ಎದುರು ಕೂತ ಹದಿನಾಲ್ಕರ ಹುಡುಗಿಗೆ ಬಾಯಿ ಒಣಗುತ್ತದೆ, ಆ ಮೌನವನ್ನು ತಪ್ಪೊಪ್ಪಿಗೆ ಎಂದುಕೊಳ್ಳುವವರಿದ್ದಾರೆ. ಆದ್ದರಿಂದ ಇನ್ನೊಬ್ಬ ಶಿಕ್ಷಕರು ಇರಲಿ, ಪ್ರಬಂಧದ ಪ್ರತಿ ಆಕೆಯ ಕೈಯಲ್ಲಿರಲಿ, ನೀವು ಮೂಲೆಯಲ್ಲಿ ಸುಮ್ಮನೆ ಕೂರಲು ಅನುಮತಿ ಕೇಳಿ. ‘ಎರಡನೇ ಪ್ಯಾರಾದ ಮೂರನೇ ಸಾಲು ಹೇಳು’ ಎಂಬುದು ನೆನಪಿನ ಪರೀಕ್ಷೆ. ‘ಇಳಿಜಾರಿನಲ್ಲಿ ಸವಕಳಿ ಯಾಕೆ ಹೆಚ್ಚು ಎಂದು ಬರೆದಿದ್ದೀಯಲ್ಲ, ಬಿಡಿಸಿ ಹೇಳು’, ‘ಈ ಪ್ಯಾರಾ ಯಾಕೆ ಹೊಡೆದು ಹಾಕಿದೆ’ ಎಂಬಂಥವು ಸರಿಯಾದ ಪ್ರಶ್ನೆಗಳು. ಕನ್ನಡದಲ್ಲಿ ಉತ್ತರಿಸಲೂ ಬಿಡಿ ಎಂದು ಕೋರಿ, ಪರೀಕ್ಷಿಸುತ್ತಿರುವುದು ವಿಷಯ ಆಕೆಯದೇ ಎಂಬುದನ್ನು, ಆಕೆಯ ಮಾತಿನ ಇಂಗ್ಲಿಷನ್ನಲ್ಲ. ಹಿಂದಿನ ದಿನ ಪ್ರಬಂಧವನ್ನು ಒಮ್ಮೆ ಓದಿಕೊಂಡರೆ ಸಾಕು. ಬಾಯಿಪಾಠ ಮಾಡಿಸಿದರೆ ಗೊತ್ತಾಗಿಬಿಡುತ್ತದೆ.

ಶಾಲೆ ‘ಬೇರೆ ವಿಷಯ ಕೊಡುತ್ತೇವೆ, ಇಲ್ಲೇ ಕೂತು ಬರೆಯಲಿ’ ಎನ್ನಬಹುದು. ಬೇಗ ಮುಗಿಯುವ ದಾರಿ ಅದು, ಹಲವು ಪೋಷಕರು ಒಪ್ಪಿಯೂ ಬಿಡುತ್ತಾರೆ. ಅದರಲ್ಲಿ ಎರಡು ತೊಂದರೆ. ಮನೆಯಲ್ಲಿ ಎರಡು ಸಂಜೆ ತೆಗೆದುಕೊಂಡು ಬರೆದದ್ದನ್ನು ನಲವತ್ತು ನಿಮಿಷದ ಬರಹದೊಂದಿಗೆ ತೂಗಿದರೆ ಎರಡನೆಯದು ಸೋಲುತ್ತದೆ. ಮರುಬರಹಕ್ಕೆ ಒಪ್ಪಿದ್ದನ್ನೇ ಮೊದಲಿನ ತಪ್ಪಿಗೆ ಒಪ್ಪಿಗೆ ಎಂದೂ ಓದಬಹುದು. ಒಪ್ಪುವುದಾದರೆ ‘ಮೊದಲ ಪ್ರಬಂಧ ಸ್ವಂತದ್ದೆಂಬ ನಮ್ಮ ನಿಲುವನ್ನು ಬಿಡದೆ ಇದಕ್ಕೆ ಒಪ್ಪಿದ್ದೇವೆ’ ಎಂಬ ಒಂದು ಸಾಲನ್ನು ಬರೆದು ಕೊಡಿ.

ಮಗಳು ಬಟನ್ ಒತ್ತಿ ಬದಲಿಸಿದ ವಾಕ್ಯಗಳು ನಿಜಕ್ಕೂ ಹೆಚ್ಚಿದ್ದು, ಆ್ಯಪ್ ಬಳಸಬಾರದೆಂಬ ಲಿಖಿತ ನಿಯಮವೂ ಇತ್ತೆಂದರೆ ಬೇಡಿಕೆ ಬದಲಾಗುತ್ತದೆ. ಆಗ ‘ಎಐ ಬರೆದದ್ದು’ ಎಂಬ ಷರಾದ ಜಾಗದಲ್ಲಿ ‘ಅನುಮತಿಯಿಲ್ಲದ ಆ್ಯಪ್‌ನಿಂದ ತಿದ್ದಿದ್ದು’ ಎಂದಾಗಲಿ, ಸೊನ್ನೆಯ ಬದಲು ರಫ್ ಪುಸ್ತಕದ ಬರಹಕ್ಕೆ ಅಂಕ ಕೊಡಲಿ ಎಂದು ಕೇಳಿ. ಅಷ್ಟು ಕೇಳುವುದು ನ್ಯಾಯವೇ, ಸಿಗುವ ಸಾಧ್ಯತೆಯೂ ಹೆಚ್ಚು.

ಪರಿಶೀಲನೆ ನಿಮ್ಮ ಪರವಾಗಿ ಬಂದರೂ ಅಂಕ ಮಾತ್ರ ತಿದ್ದಿ, ದಾಖಲೆಯಲ್ಲಿನ ಷರಾ ಹಾಗೆಯೇ ಉಳಿದುಬಿಡುವುದುಂಟು. ಅಂಕಪಟ್ಟಿಯ ಪುಸ್ತಕ, ಆನ್‌ಲೈನ್ ಪೋರ್ಟಲ್, ಕ್ಲಾಸ್ ಟೀಚರ್ ಬಳಿಯ ನಡತೆಯ ದಾಖಲೆ, ಈ ಮೂರರಲ್ಲೂ ತಿದ್ದಿದ್ದಾರೆಯೇ ಎಂದು ಮುಂದಿನ ಪ್ರಗತಿಪತ್ರ ಬರುವ ಮೊದಲೇ ನೋಡಿಕೊಳ್ಳಿ.